ಕಿಂಡಿ ಮೂರು, ಪರದೆ ಎರಡು

ತಿಂಗಳ 20ನೇ ತಾರೀಕು ಹತ್ತಿರವಾದಂತೆ ದಾವಣಗೆರೆಯ ಆ ತೆರಿಗೆ ಸಲಹೆಗಾರರ ಎಡಗೈ ಹೆಬ್ಬೆರಳು ಆಲ್ಟ್ ಕೀಲಿಯ ಮೇಲೇ ಕೂತಿರುತ್ತಿತ್ತು. ಒಂದು ಕಿಟಕಿಯಲ್ಲಿ ಟ್ಯಾಲಿ, ಇನ್ನೊಂದರಲ್ಲಿ ಜಿಎಸ್‌ಟಿ ಪೋರ್ಟಲ್, ಮತ್ತೊಂದರಲ್ಲಿ ಗಿರಾಕಿ ವಾಟ್ಸ್‌ಆಪ್‌ನಲ್ಲಿ ಕಳಿಸಿದ ಬಿಲ್ಲಿನ ಫೋಟೊ. ಬಿಲ್ಲಿನ ಅಂಕಿ ನೋಡಿ ಪೋರ್ಟಲ್ಲಿಗೆ ಬರುವಷ್ಟರಲ್ಲಿ ಕೊನೆಯ ಮೂರು ಅಂಕೆ ಮರೆತುಹೋಗಿರುತ್ತಿದ್ದವು. ಕಚೇರಿಯ ಅಟ್ಟದಲ್ಲಿ ಹಳೆಯದೊಂದು 19 ಇಂಚಿನ ಮಾನಿಟರ್ ಧೂಳು ತಿನ್ನುತ್ತಿತ್ತು. ಮೇಜಿನ ಮೇಲೆ 22 ಇಂಚಿನದು ಇತ್ತು. ಮಗ ಹಟ ಹಿಡಿದು 27 ಇಂಚಿನ ಹೊಸ 4ಕೆ ಮಾನಿಟರ್ ತರಿಸಿದ ಮೇಲೆ ಲೆಕ್ಕ ಸುಲಭವಾಗಿ ಕಂಡಿತು: ಮೂರು ಕೆಲಸ, ಮೂರು ಪರದೆ.

ಕಂಪ್ಯೂಟರಿನ ಬೆನ್ನು ತಿರುಗಿಸಿ ನೋಡಿದರೆ ಅಲ್ಲೂ ಮೂರು ಕಿಂಡಿ. ನೀಲಿ ಬಣ್ಣದ, ಮೂರು ಸಾಲಿನಲ್ಲಿ 15 ತೂತುಗಳಿರುವ ವಿಜಿಎ. ಟಿವಿಯಿಂದ ಎಲ್ಲರಿಗೂ ಪರಿಚಯವಾದ ಎಚ್‌ಡಿಎಂಐ. ಅದರ ಪಕ್ಕದಲ್ಲಿ ಒಂದೇ ಮೂಲೆ ಕತ್ತರಿಸಿದಂತಿರುವ ಡಿಸ್‌ಪ್ಲೇಪೋರ್ಟ್. ಮೂರಕ್ಕೆ ಮೂರು ಸಿಕ್ಕಿಸಿದರೆ ಮುಗಿಯಿತು ಎಂದುಕೊಂಡ ಕೆಲಸ ಮುಗಿಯಲು ಎರಡು ವಾರ ಬೇಕಾಯಿತು. ದಾರಿಯಲ್ಲಿ ಉಪಯೋಗಕ್ಕೆ ಬಾರದ ಎರಡು ಸಾಮಾನುಗಳೂ ಮನೆ ಸೇರಿದವು.

ಮೊದಲನೆಯದು ಸ್ಪ್ಲಿಟರ್. ಪೇಟೆಯ ಅಂಗಡಿಯಲ್ಲಿ "ಒಂದು ಕಂಪ್ಯೂಟರಿಗೆ ಎರಡು ಮಾನಿಟರ್ ಹಾಕಬೇಕು" ಎಂದರೆ ಮೊದಲು ಕೈಗೆ ಬರುವುದು ಅದೇ. ಒಂದು ಕಡೆ ಎಚ್‌ಡಿಎಂಐ ಒಳಗೆ, ಇನ್ನೊಂದು ಕಡೆ ಎರಡು ಹೊರಗೆ. ಸಲಹೆಗಾರರು ಅದನ್ನು ಸಿಕ್ಕಿಸಿದಾಗ ಎರಡೂ ಪರದೆ ಬೆಳಗಿದವು, ಆದರೆ ಎರಡರಲ್ಲೂ ಅದೇ ಟ್ಯಾಲಿ. ಮೌಸ್ ಎರಡರಲ್ಲೂ ಒಟ್ಟಿಗೇ ಓಡುತ್ತಿತ್ತು. ಸೆಟ್ಟಿಂಗ್ಸ್‌ನಲ್ಲಿ ಏನು ಬದಲಿಸಿದರೂ ಅಷ್ಟೇ.

ಸ್ಪ್ಲಿಟರಿನ ತಪ್ಪೇನೂ ಇಲ್ಲ, ಅದು ಇರುವುದೇ ಆ ಕೆಲಸಕ್ಕೆ. ಮದುವೆ ಮಂಟಪದಲ್ಲಿ ಒಂದೇ ಕ್ಯಾಮೆರಾದ ಚಿತ್ರವನ್ನು ನಾಲ್ಕು ಟಿವಿಗೆ ಹಂಚುವಾಗ ಅದು ಬೇಕು. ಆದರೆ ಎಚ್‌ಡಿಎಂಐ ತಂತಿಯಲ್ಲಿ ಹರಿಯುವುದು ಒಂದೇ ಚಿತ್ರ. ಸ್ಪ್ಲಿಟರ್ ಅದರ ನಕಲು ತೆಗೆಯಬಲ್ಲದೇ ಹೊರತು ಎರಡನೆಯ ಚಿತ್ರವನ್ನು ಹುಟ್ಟಿಸಲಾರದು. ಪರದೆಗೊಂದು ಬೇರೆ ಚಿತ್ರ ಬೇಕೆಂದರೆ ಅದನ್ನು ಕಂಪ್ಯೂಟರಿನೊಳಗಿನ ಗ್ರಾಫಿಕ್ಸ್ ಭಾಗವೇ ತಯಾರಿಸಿ ಬೇರೆಯಾಗಿ ಕಳಿಸಬೇಕು. ಕಂಪ್ಯೂಟರಿಗೆ ಎರಡು ಪರದೆ ಕಾಣುತ್ತಿವೆಯೋ ಒಂದೋ ಎಂಬುದನ್ನು ಸೆಟ್ಟಿಂಗ್ಸ್‌ನ Display ಪುಟವೇ ಹೇಳುತ್ತದೆ. ಅಲ್ಲಿ 1, 2 ಎಂದು ಎರಡು ಚೌಕಗಳು ಮೂಡಬೇಕು. ಸ್ಪ್ಲಿಟರ್ ಹಾಕಿದಾಗ ಚೌಕ ಒಂದೇ.

ಸ್ಪ್ಲಿಟರ್ ಪೆಟ್ಟಿಗೆಗೆ ವಾಪಸಾಯಿತು. ಈ ಸಲ ಮೂರು ಮಾನಿಟರುಗಳನ್ನೂ ನೇರವಾಗಿ ಮೂರು ಕಿಂಡಿಗೆ ಸಿಕ್ಕಿಸಿದರು. 19 ಇಂಚಿನದು ವಿಜಿಎಗೆ, 22 ಇಂಚಿನದು ಎಚ್‌ಡಿಎಂಐಗೆ, ಹೊಸದು ಡಿಸ್‌ಪ್ಲೇಪೋರ್ಟ್‌ಗೆ. ಎರಡು ಬೆಳಗಿದವು, ಮೂರನೆಯದು ಕಪ್ಪಾಗಿಯೇ ಉಳಿಯಿತು. ವಿಚಿತ್ರವೆಂದರೆ ಬೆಳಗುತ್ತಿದ್ದ ಎರಡರಲ್ಲಿ ಒಂದನ್ನು ಕಿತ್ತರೆ ಕಪ್ಪಾಗಿದ್ದದ್ದು ಬೆಳಗುತ್ತಿತ್ತು. ಯಾವ ಎರಡನ್ನು ಬೇಕಾದರೂ ಹಚ್ಚಬಹುದು, ಮೂರನ್ನು ಮಾತ್ರ ಆಗದು. ಕೇಬಲ್ಲೂ ಸರಿ, ಮಾನಿಟರುಗಳೂ ಸರಿ.

ರಿಪೇರಿಗೆ ಬಂದ ಹುಡುಗ ಕ್ಯಾಬಿನೆಟ್ ಮುಚ್ಚಳ ತೆಗೆದು ಮದರ್‌ಬೋರ್ಡಿನ ಮೇಲಿನ ಅಕ್ಷರಗಳನ್ನು ಟಾರ್ಚ್ ಬಿಟ್ಟು ಓದಿ ನಕ್ಕ. "ನಲ್ಲಿ ಮೂರಿದೆ ಸರ್, ಟ್ಯಾಂಕಿನಿಂದ ಬರೋ ಪೈಪು ಎರಡೇ."

ಬೋರ್ಡು ಎಚ್510 ಚಿಪ್‌ಸೆಟ್‌ನದು, ಪ್ರೊಸೆಸರ್ ಇಂಟೆಲ್‌ನ 10ನೇ ಪೀಳಿಗೆಯ ಐ5-10400. ಆ ಪ್ರೊಸೆಸರಿನೊಳಗಿನ ಗ್ರಾಫಿಕ್ಸ್ ಭಾಗಕ್ಕೆ ಮೂರು ಪರದೆ ನಡೆಸುವ ಶಕ್ತಿ ಇದೆ. ಆದರೆ ಕಡಿಮೆ ಬೆಲೆಯ ಚಿಪ್‌ಸೆಟ್ ಅದನ್ನು ಎರಡಕ್ಕೆ ಕಟ್ಟಿಹಾಕುತ್ತದೆ. ಬೋರ್ಡು ತಯಾರಿಸುವವರು ಮೂರು ಕಿಂಡಿ ಇಡುವುದು ಒಂದೇ ಸಲಕ್ಕೆ ಮೂರು ಮಾನಿಟರ್ ಹಚ್ಚಲಿ ಎಂದಲ್ಲ. ಗಿರಾಕಿಯ ಮನೆಯಲ್ಲಿ ಯಾವ ಮಾನಿಟರ್ ಇದ್ದರೂ ಹೊಂದಿಕೊಳ್ಳಲಿ ಎಂದು. ಪೆಟ್ಟಿಗೆಯ ಮೇಲೆ ಕಿಂಡಿಗಳ ಹೆಸರನ್ನು ದಪ್ಪಕ್ಷರದಲ್ಲಿ ಹಾಕಿ ಈ ಮಿತಿಯನ್ನು ಕೈಪಿಡಿಯ ಒಳಪುಟದ ಸಣ್ಣಕ್ಷರಕ್ಕೆ ತಳ್ಳುವುದು ಇಡೀ ವ್ಯಾಪಾರದ ಹಳೆಯ ಚಾಳಿ.

ಕಚೇರಿ, ಸೈಬರ್ ಸೆಂಟರ್, ಡಿಟಿಪಿ ಅಂಗಡಿಗಳಲ್ಲಿ ಇರುವುದು ಹೆಚ್ಚಾಗಿ ಇಂಥ ಅಗ್ಗದ ಬೋರ್ಡುಗಳೇ ಆದ್ದರಿಂದ ಈ ಮಿತಿ ಕೇವಲ ಒಬ್ಬರ ತಾಪತ್ರಯವಲ್ಲ. ಎಚ್310, ಎಚ್410, ಎಚ್510 ಇವುಗಳಿಗೆ ಎರಡೇ ಪರದೆ. ಆಮೇಲಿನ ಎಚ್610ಕ್ಕೆ ಮೂರು, ಅದೇ ಪೀಳಿಗೆಯ ಬಿ660ಕ್ಕೆ ನಾಲ್ಕು. ಮುಚ್ಚಳ ತೆಗೆಯದೆಯೇ ಬೋರ್ಡಿನ ಹೆಸರು ತಿಳಿಯಬಹುದು. ವಿಂಡೋಸ್ ಕೀಲಿಯ ಜೊತೆ R ಒತ್ತಿ, ತೆರೆದ ಪುಟ್ಟ ಪೆಟ್ಟಿಗೆಯಲ್ಲಿ ಹೀಗೆ ಬರೆದು ಎಂಟರ್ ಒತ್ತಬೇಕು:

```
msinfo32
```

ತೆರೆದುಕೊಳ್ಳುವ ಪಟ್ಟಿಯಲ್ಲಿ Processor ಎಂಬಲ್ಲಿ ಪ್ರೊಸೆಸರಿನ ಹೆಸರೂ BaseBoard Product ಎಂಬಲ್ಲಿ ಬೋರ್ಡಿನ ಹೆಸರೂ ಇರುತ್ತವೆ. ಬೋರ್ಡಿನ ಹೆಸರಿನಲ್ಲೇ ಸಾಮಾನ್ಯವಾಗಿ ಚಿಪ್‌ಸೆಟ್ ಅಡಗಿರುತ್ತದೆ. ಅದನ್ನು ಹಿಡಿದು ಇಂಟೆಲ್‌ನ ತಾಣದಲ್ಲಿ ಆ ಚಿಪ್‌ಸೆಟ್‌ನ ಪುಟ ತೆರೆದರೆ # of Displays Supported ಎಂಬ ಸಾಲು ಸಿಗುತ್ತದೆ. ಮಾನಿಟರ್ ಕೊಳ್ಳುವ ಮೊದಲು ನೋಡಬೇಕಾದ ಸಾಲು ಅದು. ನಮ್ಮ ಸಲಹೆಗಾರರಂತೆ ಬಹುತೇಕರು ಕೊಂಡ ಮೇಲೆಯೇ ನೋಡುವುದು.

ಪ್ರೊಸೆಸರಿನ ಹೆಸರಿನ ಬಾಲವನ್ನೂ ಗಮನಿಸಬೇಕು. ಐ5-10400ರ ಜೊತೆಗೇ ಐ5-10400ಎಫ್ ಎಂಬುದೂ ಮಾರಾಟವಾಗುತ್ತಿತ್ತು. ಆ ಎಫ್ ಇದ್ದರೆ ಒಳಗೆ ಗ್ರಾಫಿಕ್ಸ್ ಭಾಗವೇ ಇಲ್ಲ, ಬೋರ್ಡಿನ ಮೇಲಿನ ಮೂರು ಕಿಂಡಿಯೂ ಬರೀ ಅಲಂಕಾರ. ಎಎಂಡಿಯಲ್ಲಿ ಲೆಕ್ಕ ತಿರುಗುಮುರುಗು: ರೈಜೆನ್ 5 5600ಜಿ ಎಂದಿದ್ದರೆ ಗ್ರಾಫಿಕ್ಸ್ ಇದೆ, ಜಿ ಇಲ್ಲದ 5600ಕ್ಕೆ ಇಲ್ಲ.

ಮೂರನೆಯ ಪರದೆಯ ಮಾತು ಆಮೇಲೆ ನೋಡಿದರಾಯಿತೆಂದು ಸಲಹೆಗಾರರು ಎರಡಕ್ಕೇ ಸಮಾಧಾನ ಮಾಡಿಕೊಂಡರು. ಹೊಸ 4ಕೆ ಮಾನಿಟರನ್ನು ಎಚ್‌ಡಿಎಂಐಗೆ, ಹಳೆಯದನ್ನು ವಿಜಿಎಗೆ ಹಾಕಿದರು. ಎಚ್‌ಡಿಎಂಐ ಕೇಬಲ್ ಪೆಟ್ಟಿಗೆಯಲ್ಲೇ ಬಂದಿತ್ತು, ಪರಿಚಯದ ಕಿಂಡಿಯೂ ಹೌದು. ಚಿತ್ರ ಬಂತು, ಅಕ್ಷರಗಳು ಕಡೆದಿಟ್ಟಂತೆ ಕಂಡವು. ಆದರೆ ಮೌಸ್ ಮಾತ್ರ ಜೇನುತುಪ್ಪದಲ್ಲಿ ಅದ್ದಿದಂತೆ ಚಲಿಸುತ್ತಿತ್ತು. ಪುಟ ಸರಿಸಿದರೆ ಸಾಲುಗಳು ತೆವಳುತ್ತಿದ್ದವು. ಕಂಪ್ಯೂಟರಿಗೆ ವೈರಸ್ ಬಂದಿದೆ ಎಂದು ಗುಮಾಸ್ತೆ ತೀರ್ಪು ಕೊಟ್ಟದ್ದೂ ಆಯಿತು.

ಇಲ್ಲಿ ಸ್ವಲ್ಪ ಲೆಕ್ಕ ಮಾಡಬೇಕು. ಮಾಮೂಲಿ ಫುಲ್ ಎಚ್‌ಡಿ ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕೆಗಳು, ಒಟ್ಟು ಸುಮಾರು 20.7 ಲಕ್ಷ. 4ಕೆ ಮಾನಿಟರಿನಲ್ಲಿ 3840ಕ್ಕೆ 2160, ಅಂದರೆ ಸುಮಾರು 83 ಲಕ್ಷ, ಸರಿಯಾಗಿ ನಾಲ್ಕು ಪಟ್ಟು. ಕಣ್ಣಿಗೆ ಚಲನೆ ನಯವಾಗಿ ಕಾಣಲು ಇಡೀ ಚಿತ್ರವನ್ನು ಸೆಕೆಂಡಿಗೆ 60 ಸಲ ಹೊಸದಾಗಿ ಕಳಿಸಬೇಕು, ಅದನ್ನೇ 60 ಹರ್ಟ್ಸ್ ಎನ್ನುವುದು. ಒಂದೊಂದು ಚುಕ್ಕೆಯ ಬಣ್ಣಕ್ಕೆ 24 ಬಿಟ್ ಹಿಡಿದರೆ ಫುಲ್ ಎಚ್‌ಡಿಗೆ ಸೆಕೆಂಡಿಗೆ 3 ಗಿಗಾಬಿಟ್, 4ಕೆಗೆ ಸುಮಾರು 12 ಗಿಗಾಬಿಟ್ ಆಗುತ್ತದೆ. ಸಾಲುಗಳ ನಡುವಿನ ಬಿಡುವು, ಸಂಕೇತ ಕಳಿಸುವ ವಿಧಾನದ ಹೆಚ್ಚುವರಿ ಬಿಟ್‌ಗಳು ಎಲ್ಲ ಸೇರಿದರೆ ಎಚ್‌ಡಿಎಂಐ ತಂತಿಯಲ್ಲಿ 4ಕೆಯ ಭಾರ 18 ಗಿಗಾಬಿಟ್‌ನ ಹತ್ತಿರಕ್ಕೆ ಹೋಗುತ್ತದೆ.

2009ರಲ್ಲಿ ಬಂದ ಎಚ್‌ಡಿಎಂಐ 1.4ರ ಸಾಮರ್ಥ್ಯ 10.2 ಗಿಗಾಬಿಟ್. 2013ರ 2.0ಕ್ಕೆ 18. 2017ರ 2.1ಕ್ಕೆ 48. ಸಲಹೆಗಾರರ ಕಂಪ್ಯೂಟರಿನ ಎಚ್‌ಡಿಎಂಐ ಕಿಂಡಿ 1.4ರದು. 4ಕೆಯನ್ನು ಸೆಕೆಂಡಿಗೆ 60 ಸಲ ಸಾಗಿಸುವುದು ಅದರ ಕೈಯಲ್ಲಿ ಆಗದು, ಹಾಗಾಗಿ ಅದು ಸದ್ದಿಲ್ಲದೆ 30ಕ್ಕೆ ಇಳಿದಿತ್ತು. ಯಾವ ಎಚ್ಚರಿಕೆಯನ್ನೂ ಕೊಡುವುದಿಲ್ಲ, ಚಿತ್ರ ಬರುತ್ತದೆ, ಮೌಸ್ ಎಳೆಯುತ್ತದೆ. ಕಂಡುಹಿಡಿಯುವುದು ಹೀಗೆ: ಸೆಟ್ಟಿಂಗ್ಸ್‌ನಲ್ಲಿ System, ಅದರಲ್ಲಿ Display, ಕೆಳಗೆ Advanced display. ಅಲ್ಲಿ ಆ ಮಾನಿಟರನ್ನು ಆರಿಸಿದರೆ ಎಷ್ಟು ಹರ್ಟ್ಸ್ ಎಂದು ಕಾಣುತ್ತದೆ. 30 ಎಂದಿದ್ದರೆ ರೋಗ ಗೊತ್ತಾದಂತೆ.

ಸಲಹೆಗಾರರು ಮೊದಲು ಮಾಡಿದ್ದು ಎಲ್ಲರೂ ಮಾಡುವ ಕೆಲಸವನ್ನೇ, ದುಬಾರಿ ಕೇಬಲ್ ತಂದದ್ದು. ಪೆಟ್ಟಿಗೆಯ ಮೇಲೆ "2.1" ಎಂದು ಚಿನ್ನದ ಬಣ್ಣದಲ್ಲಿ ಅಚ್ಚಾಗಿತ್ತು. ಮೌಸ್ ಹಾಗೇ ತೆವಳಿತು. ಕಿರಿದಾದ ನಲ್ಲಿಗೆ ದಪ್ಪ ಪೈಪು ಹಾಕಿದರೆ ನೀರು ಹೆಚ್ಚು ಬರುವುದಿಲ್ಲ.

ಕೇಬಲ್ಲಿಗೆ ನಿಜವಾಗಿ ಆವೃತ್ತಿ ಸಂಖ್ಯೆಯೇ ಇಲ್ಲ ಎಂಬುದು ಅನೇಕರಿಗೆ ಗೊತ್ತಿರುವುದಿಲ್ಲ. 1.4, 2.0, 2.1 ಎಂಬುವು ಎರಡು ತುದಿಯ ಉಪಕರಣಗಳ ಲೆಕ್ಕ. ಕೇಬಲ್ಲುಗಳಿಗೆ ಎಚ್‌ಡಿಎಂಐ ಸಂಸ್ಥೆ ಕೊಟ್ಟಿರುವುದು ದರ್ಜೆಯ ಹೆಸರುಗಳನ್ನು. ಹೈ ಸ್ಪೀಡ್ ಎಂಬುದು 10.2 ಗಿಗಾಬಿಟ್‌ಗೆ ಪರೀಕ್ಷೆಯಾದದ್ದು, ಪ್ರೀಮಿಯಂ ಹೈ ಸ್ಪೀಡ್ 18ಕ್ಕೆ, ಅಲ್ಟ್ರಾ ಹೈ ಸ್ಪೀಡ್ 48ಕ್ಕೆ. ಕೊನೆಯ ಎರಡಕ್ಕೆ ಪೆಟ್ಟಿಗೆಯ ಮೇಲೆ ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ ಪರಿಶೀಲಿಸಬಹುದಾದ ಪ್ರಮಾಣದ ಚೀಟಿ ಇರಬೇಕು. ಬರೀ "2.1" ಎಂದು ಬರೆದು ಚೀಟಿ ಇಲ್ಲದಿದ್ದರೆ ಅದು ಮಾರುವವನ ಮಾತು ಮಾತ್ರ.

ಹಾಗಾದರೆ ಕೇಬಲ್ ಕಳಪೆಯಾದರೆ ಗೊತ್ತಾಗುವುದು ಹೇಗೆ? ಲಕ್ಷಣವೇ ಬೇರೆ. 2.0ವರೆಗಿನ ಎಚ್‌ಡಿಎಂಐಯಲ್ಲಿ ಕಂಪ್ಯೂಟರ್ ಮಾನಿಟರನ್ನು ಮಾತ್ರ ವಿಚಾರಿಸುತ್ತದೆ. ಮಾನಿಟರಿನೊಳಗೆ ಅದರ ಹೆಸರು, ಅಳತೆ, ಸಾಮರ್ಥ್ಯ ಬರೆದಿಟ್ಟ ಪುಟ್ಟ ಜಾತಕವೊಂದಿದೆ, ಅದನ್ನು ಇಡಿಐಡಿ ಎನ್ನುತ್ತಾರೆ. ಅದನ್ನು ಓದಿ "ಸರಿ, 60ಕ್ಕೆ ಕಳಿಸೋಣ" ಎಂದು ಕಳಿಸಿಬಿಡುತ್ತದೆ. ನಡುವೆ ಇರುವ ಸಾದಾ ಕೇಬಲ್ ತನ್ನ ಶಕ್ತಿ ಎಷ್ಟೆಂದು ಬಾಯಿಬಿಡುವುದಿಲ್ಲ. ತಾಳಲಾರದ ಕೇಬಲ್ಲಿನಲ್ಲಿ ಬಿಟ್‌ಗಳು ಉದುರಿ ಪರದೆಯ ಮೇಲೆ ಮಿಣುಕು ಚುಕ್ಕೆಗಳು ಮಿನುಗುತ್ತವೆ. ಇಲ್ಲವೇ ಚಿತ್ರ ಎರಡು ಸೆಕೆಂಡು ಮಾಯವಾಗಿ ಮತ್ತೆ ಬರುತ್ತದೆ. ಫ್ಯಾನಿನ ಸ್ವಿಚ್ ಹಾಕಿದಾಗಲೆಲ್ಲ ಪರದೆ ಕಪ್ಪಾಗುವುದನ್ನು ಕಂಡವರಿದ್ದಾರೆ. ಸುಮ್ಮನೆ ನಿಧಾನವಾಗಿದ್ದರೆ ಕಿಂಡಿಯ ಮಿತಿ, ಮಿಣುಕುತ್ತಿದ್ದರೆ ಕೇಬಲ್ಲಿನ ಮಿತಿ ಎಂದು ಸ್ಥೂಲವಾಗಿ ಹಿಡಿಯಬಹುದು. ಕೇಬಲ್ ಉದ್ದವಾದಷ್ಟೂ ಈ ಕಾಟ ಹೆಚ್ಚು. ಮೇಜಿನ ಕೆಲಸಕ್ಕೆ ಎರಡು ಮೀಟರ್ ಸಾಕಾಗುವಾಗ "ಇರಲಿ" ಎಂದು ಹತ್ತು ಮೀಟರಿನದು ತರುವುದು ಬೇಡದ ಉಪದ್ವ್ಯಾಪ.

ಪರಿಹಾರ ಪಕ್ಕದ ಕಿಂಡಿಯಲ್ಲೇ ಇತ್ತು. ಡಿಸ್‌ಪ್ಲೇಪೋರ್ಟ್ 2006ರಲ್ಲಿ ವೇಸಾ ಎಂಬ ಮಾನಿಟರ್ ಉದ್ಯಮದ ಸಂಘ ಹೊರತಂದ ಮಾದರಿ. ಟಿವಿಗಳಲ್ಲಿ ಅದು ಕಾಣುವುದು ಅಪರೂಪ, ಹಾಗಾಗಿ ಜನರಿಗೂ ಅದರ ಬಳಕೆ ಕಡಿಮೆ. 2010ರ 1.2ನೇ ಆವೃತ್ತಿಯಿಂದಲೇ ಅದು 4ಕೆಯನ್ನು 60 ಹರ್ಟ್ಸ್‌ನಲ್ಲಿ ಸಾಗಿಸಬಲ್ಲದು. ಎಚ್‌ಡಿಎಂಐ ಕಿಂಡಿ ಸೋತ ಅದೇ ಕಂಪ್ಯೂಟರಿನ ಡಿಸ್‌ಪ್ಲೇಪೋರ್ಟ್ ಗೆಲ್ಲುವುದು ಈ ಕಾರಣಕ್ಕೆ. ಎರಡು ತುದಿಗಳೂ ಕೆಲಸ ಶುರುಮಾಡುವ ಮೊದಲು ತಂತಿಯನ್ನು ಪರೀಕ್ಷಿಸಿಕೊಳ್ಳುವ ಪದ್ಧತಿಯೂ ಇದರಲ್ಲಿದೆ. ತಪ್ಪುಗಳು ಕಂಡರೆ ವೇಗ ಇಳಿಸಿಕೊಳ್ಳುತ್ತವೆ.

ಆದರೆ ಸಲಹೆಗಾರರ ಬಳಿ ಎರಡೂ ತುದಿ ಡಿಸ್‌ಪ್ಲೇಪೋರ್ಟ್ ಇರುವ ಕೇಬಲ್ ಇರಲಿಲ್ಲ. ಅಂಗಡಿಯಲ್ಲಿ ಸಿಕ್ಕಿದ್ದು ಒಂದು ತುದಿ ಡಿಸ್‌ಪ್ಲೇಪೋರ್ಟ್, ಇನ್ನೊಂದು ಎಚ್‌ಡಿಎಂಐ ಇರುವ ಕೇಬಲ್. ಮಾನಿಟರಿನ ಎಚ್‌ಡಿಎಂಐಗೆ ಆಗಾಗ ಲ್ಯಾಪ್‌ಟಾಪ್ ಹಾಕುವ ರೂಢಿ ಇದ್ದುದರಿಂದ ಅದನ್ನು ಬಿಟ್ಟು, ಕೇಬಲ್ಲಿನ ಡಿಸ್‌ಪ್ಲೇಪೋರ್ಟ್ ತುದಿಯನ್ನು ಮಾನಿಟರಿಗೂ ಎಚ್‌ಡಿಎಂಐ ತುದಿಯನ್ನು ಕಂಪ್ಯೂಟರಿಗೂ ಸಿಕ್ಕಿಸಿದರು. ಎರಡೂ ತುದಿ ಚೆನ್ನಾಗಿ ಕೂತವು. ಪರದೆಯ ಮೇಲೆ "No Signal" ಎಂಬ ಅಕ್ಷರಗಳು ಅತ್ತಿಂದಿತ್ತ ತೇಲಿದವು.

ತಂತಿ ಎಂದರೆ ಎರಡು ಕಡೆಗೂ ಹರಿಯಬೇಕು ಎಂಬುದು ನಮ್ಮೆಲ್ಲರ ತಲೆಯಲ್ಲಿರುವ ಗ್ರಹಿಕೆ. ಅಡಾಪ್ಟರುಗಳ ಲೋಕದಲ್ಲಿ ಅದು ಸುಳ್ಳು. ಡಿಸ್‌ಪ್ಲೇಪೋರ್ಟ್ ಚಿತ್ರವನ್ನು ಸಣ್ಣ ಸಣ್ಣ ಪೊಟ್ಟಣಗಳಾಗಿ ಕಟ್ಟಿ ಕಳಿಸುತ್ತದೆ. ಎಚ್‌ಡಿಎಂಐ ಸಾಲಾಗಿ ಸುರಿಯುತ್ತ ಹೋಗುತ್ತದೆ. ಎರಡರ ಭಾಷೆಯೇ ಬೇರೆ. ಆದರೂ ಡಿಸ್‌ಪ್ಲೇಪೋರ್ಟ್‌ನಿಂದ ಎಚ್‌ಡಿಎಂಐಗೆ ಹೋಗುವ ಅಗ್ಗದ ಕೇಬಲ್ ಕೆಲಸ ಮಾಡುವುದೇಕೆಂದರೆ ಕಂಪ್ಯೂಟರಿನ ಬಹುತೇಕ ಡಿಸ್‌ಪ್ಲೇಪೋರ್ಟ್‌ಗಳು ದ್ವಿಭಾಷಿಗಳು. ಆಚೆ ತುದಿಯಲ್ಲಿ ಎಚ್‌ಡಿಎಂಐ ಇದೆ ಎಂದು ಗೊತ್ತಾದ ಕೂಡಲೇ ಕಂಪ್ಯೂಟರೇ ಎಚ್‌ಡಿಎಂಐ ಭಾಷೆಯಲ್ಲಿ ಮಾತಾಡತೊಡಗುತ್ತದೆ. ಅಂಥ ಕಿಂಡಿಯ ಪಕ್ಕದಲ್ಲಿ ಡಿ ಮತ್ತು ಪಿ ಅಕ್ಷರಗಳ ಗುರುತಿನ ಜೊತೆ ಎರಡು ಕೂಡು ಚಿಹ್ನೆ ಇರುವುದುಂಟು. ಕೇಬಲ್ಲಿನಲ್ಲಿ ಭಾಷಾಂತರವೇನೂ ನಡೆಯುವುದಿಲ್ಲ, ವಿದ್ಯುತ್ ಮಟ್ಟ ಸರಿಹೊಂದಿಸುವ ಸಣ್ಣ ಬಿಡಿಭಾಗವಷ್ಟೇ ಅದರಲ್ಲಿರುವುದು. ಎಚ್‌ಡಿಎಂಐ ಕಿಂಡಿಗೆ ಈ ದ್ವಿಭಾಷಾ ವಿದ್ಯೆ ಇಲ್ಲ. ಅಲ್ಲಿಂದ ಹೊರಟು ಡಿಸ್‌ಪ್ಲೇಪೋರ್ಟ್ ಮಾನಿಟರ್ ತಲುಪಬೇಕೆಂದರೆ ನಡುವೆ ನಿಜವಾಗಿ ಭಾಷಾಂತರ ಮಾಡುವ ಚಿಪ್ ಇರುವ ಆಕ್ಟಿವ್ ಪರಿವರ್ತಕ ಬೇಕು. ಅದು ಸಾಮಾನ್ಯವಾಗಿ ವಿದ್ಯುತ್ತಿಗಾಗಿ ಒಂದು ಯುಎಸ್‌ಬಿ ಬಾಲವನ್ನೂ ಇಟ್ಟುಕೊಂಡಿರುತ್ತದೆ. ಕೊಳ್ಳುವಾಗ "ಡಿಸ್‌ಪ್ಲೇಪೋರ್ಟ್, ಎಚ್‌ಡಿಎಂಐ ಅಡಾಪ್ಟರ್" ಎಂದು ಕೇಳಿದರೆ ಸಾಲದು. ಕಂಪ್ಯೂಟರ್ ಕಡೆ ಯಾವುದು, ಮಾನಿಟರ್ ಕಡೆ ಯಾವುದು ಎಂದು ಹೇಳಬೇಕು.

ಇದೇ ಎಡವಟ್ಟು ವಿಜಿಎಯಲ್ಲಿ ಇನ್ನೊಂದು ಬಗೆಯಲ್ಲಿ ಬರುತ್ತದೆ. ವಿಜಿಎ 1987ರಲ್ಲಿ ಐಬಿಎಂನ ಪಿಎಸ್/2 ಕಂಪ್ಯೂಟರುಗಳ ಜೊತೆ ಬಂದದ್ದು, ಅದರಲ್ಲಿ ಹರಿಯುವುದು ಏರಿಳಿಯುವ ಅನಲಾಗ್ ವಿದ್ಯುತ್ತು. ಉಳಿದವೆಲ್ಲ ಸೊನ್ನೆ-ಒಂದರ ಡಿಜಿಟಲ್. ಎಚ್‌ಡಿಎಂಐಯಿಂದ ವಿಜಿಎಗೆ ಇಳಿಯಲು ಪರಿವರ್ತಕದ ಒಳಗೆ ಚಿಪ್ ಇರಲೇಬೇಕು. ಆ ಚಿಪ್‌ಗೆ ಬೇಕಾದ ವಿದ್ಯುತ್ತನ್ನು ಎಚ್‌ಡಿಎಂಐ ಕಿಂಡಿಯೇ ಕೊಡಬೇಕು. ನಿಯಮದ ಪ್ರಕಾರ ಆ ಕಿಂಡಿ ಕನಿಷ್ಠ ಕೊಡಬೇಕಾದದ್ದು 5 ವೋಲ್ಟಿನಲ್ಲಿ 55 ಮಿಲಿಆಂಪಿಯರ್ ಮಾತ್ರ. ಅದಕ್ಕಿಂತ ಹೆಚ್ಚು ಹಸಿವಿನ ಪರಿವರ್ತಕ ಒಂದು ಕಂಪ್ಯೂಟರಿನಲ್ಲಿ ಓಡಿ ಇನ್ನೊಂದರಲ್ಲಿ ಮುಷ್ಕರ ಹೂಡುವುದು ಇದೇ ಕಾರಣಕ್ಕೆ. ಪಕ್ಕದಲ್ಲಿ ಯುಎಸ್‌ಬಿ ವಿದ್ಯುತ್ತಿಗೆ ಜಾಗವಿರುವ ಪರಿವರ್ತಕ ತಂದರೆ ಈ ರಗಳೆ ಇಲ್ಲ. ಇದೂ ಒಮ್ಮುಖವೇ: ಎಚ್‌ಡಿಎಂಐಯಿಂದ ವಿಜಿಎಗೆ ಹೋಗುವುದನ್ನು ತಿರುಗಿಸಿ ಹಾಕಿದರೆ ಏನೂ ಆಗುವುದಿಲ್ಲ.

ಹಳೆಯ 19 ಇಂಚಿನ ಮಾನಿಟರ್ ಸಣ್ಣ ತಕರಾರೊಂದನ್ನು ಎತ್ತಿತು. ವಿಜಿಎಯಲ್ಲಿ ಚಿತ್ರ ಬಂದರೂ ಅಕ್ಷರಗಳು ಹಿಗ್ಗಿ, ಮಸುಕಾಗಿ, 1024ಕ್ಕೆ 768ರಲ್ಲೇ ನಿಂತವು. ಬೇರೆ ಅಳತೆಯೇ ಪಟ್ಟಿಯಲ್ಲಿಲ್ಲ. ಡಿವೈಸ್ ಮ್ಯಾನೇಜರಿನಲ್ಲಿ ಮಾನಿಟರಿನ ಹೆಸರು Generic Non-PnP Monitor ಎಂದಿತ್ತು. ಅಂದರೆ ಕಂಪ್ಯೂಟರಿಗೆ ಮಾನಿಟರಿನ ಜಾತಕ ತಲುಪಿಲ್ಲ. ಜಾತಕ ಓಡಾಡುವುದು 15ರಲ್ಲಿ 12 ಮತ್ತು 15ನೇ ಸೂಜಿಗಳಲ್ಲಿ. ಅಗ್ಗದ ಕೇಬಲ್ಲುಗಳಲ್ಲಿ ಆ ತಂತಿಗಳನ್ನೇ ಬಿಟ್ಟಿರುತ್ತಾರೆ, ಇಲ್ಲವೇ ಸೂಜಿ ಬಾಗಿರುತ್ತದೆ. ಇಲ್ಲಿ ಬಾಗಿತ್ತು. ಬೇರೆ ಕೇಬಲ್ ಹಾಕಿದ ಕೂಡಲೇ ಸರಿಯಾಯಿತು.

ಇಷ್ಟಾದ ಮೇಲೆ ಮೂರನೆಯ ಪರದೆಯ ಪ್ರಶ್ನೆ. ಮಗ ಎಲ್ಲೋ ಓದಿ ಒಂದು ಉಪಾಯ ತಂದಿದ್ದ. ಡಿಸ್‌ಪ್ಲೇಪೋರ್ಟ್ 1.2ರಿಂದ ಒಂದೇ ಕಿಂಡಿಯಲ್ಲಿ ಹಲವು ಬೇರೆ ಬೇರೆ ಚಿತ್ರಗಳನ್ನು ಕಳಿಸುವ ವ್ಯವಸ್ಥೆ ಇದೆ, ಹೆಸರು ಎಂಎಸ್‌ಟಿ. ಪೊಟ್ಟಣಗಳ ಮೇಲೆ ವಿಳಾಸ ಬರೆಯಬಹುದಾದ್ದರಿಂದ ಇದು ಸಾಧ್ಯ. ಅದಕ್ಕಾಗಿಯೇ ಇರುವ ಹಬ್ ಆ ಪೊಟ್ಟಣಗಳನ್ನು ಬಿಡಿಸಿ ಎರಡು ಮೂರು ಮಾನಿಟರಿಗೆ ಹಂಚುತ್ತದೆ. ಇದು ಸ್ಪ್ಲಿಟರಿನಂತೆ ನಕಲಲ್ಲ, ವಿಂಡೋಸ್‌ನಲ್ಲಿ ಪ್ರತಿಯೊಂದೂ ನಿಜವಾದ ಬೇರೆ ಪರದೆ. ಡಿಸ್‌ಪ್ಲೇಪೋರ್ಟ್ ಒಂದೇ ಇರುವವರಿಗೆ ಬಹಳ ಒಳ್ಳೆಯ ದಾರಿ. ಆದರೆ ಸಾಮರ್ಥ್ಯವನ್ನು ಎಲ್ಲರೂ ಹಂಚಿಕೊಳ್ಳಬೇಕು. 1.2ರಲ್ಲಿ ಚಿತ್ರಕ್ಕೆ ದಕ್ಕುವುದು ಸುಮಾರು 17 ಗಿಗಾಬಿಟ್, ಅದರಲ್ಲಿ ಫುಲ್ ಎಚ್‌ಡಿ ನಾಲ್ಕು ಹಿಡಿಯಬಹುದು, 60 ಹರ್ಟ್ಸ್‌ನ 4ಕೆ ಒಂದೇ. ಸಲಹೆಗಾರರ ಮಟ್ಟಿಗಂತೂ ಉಪಾಯ ಉಪಯೋಗಕ್ಕೆ ಬರಲಿಲ್ಲ. ಹಬ್ ಹಾಕಿದರೂ ಪರದೆಗಳ ಎಣಿಕೆ ಎರಡೇ. ಮಿತಿ ಇರುವುದು ಟ್ಯಾಂಕಿನ ಬಳಿ, ನಲ್ಲಿಯ ಬಳಿಯಲ್ಲ.

ಯುಎಸ್‌ಬಿಯಿಂದ ಎಚ್‌ಡಿಎಂಐ ಹೊರಡಿಸುವ ಡಿಸ್‌ಪ್ಲೇಲಿಂಕ್ ಬಗೆಯ ಡಬ್ಬಿಗಳು ಈ ಮಿತಿಯನ್ನು ದಾಟಬಲ್ಲವು. ಅವುಗಳಿಗೆ ತಮ್ಮದೇ ತಂತ್ರಾಂಶ ಹಾಕಬೇಕು. ಅದು ಚಿತ್ರವನ್ನು ಪ್ರೊಸೆಸರಿನಲ್ಲೇ ಹಿಂಡಿ ಯುಎಸ್‌ಬಿ ಮೂಲಕ ಕಳಿಸುತ್ತದೆ. ಬಿಲ್ಲು, ಪಟ್ಟಿ, ಮೇಲ್ ನೋಡುವುದಕ್ಕೆ ಧಾರಾಳವಾಗಿ ಸಾಕು. ವಿಡಿಯೊ ಎಡಿಟಿಂಗ್‌ಗೆ, ಆಟಕ್ಕೆ ಬೇಡ. ಕ್ಯಾಬಿನೆಟ್ಟಿನ ಮುಂಭಾಗದ ಯುಎಸ್‌ಬಿ-ಸಿ ಕಿಂಡಿಗೆ ಮಾನಿಟರ್ ಹಾಕಿ ನೋಡುವವರೂ ಇದ್ದಾರೆ. ಡೆಸ್ಕ್‌ಟಾಪ್‌ಗಳಲ್ಲಿ ಆ ಕಿಂಡಿ ಬಹುಮಟ್ಟಿಗೆ ದತ್ತಾಂಶಕ್ಕೆ ಮಾತ್ರ, ಚಿತ್ರ ಬರುವುದಿಲ್ಲ.

ಕೊನೆಗೆ ಆರಿಸಿದ್ದು ಸಣ್ಣ ಗ್ರಾಫಿಕ್ಸ್ ಕಾರ್ಡು, ಜಿಟಿ 1030. ಅದು ಬೋರ್ಡಿನ ಖಾನೆಯಿಂದಲೇ ವಿದ್ಯುತ್ ಪಡೆಯುತ್ತದೆ, ಬೇರೆ ತಂತಿ ಬೇಡ. 30 ವ್ಯಾಟ್ ಸುತ್ತಮುತ್ತಲಿನ ಬಳಕೆಯಾದ್ದರಿಂದ ಹಳೆಯ ಎಸ್‌ಎಂಪಿಎಸ್ ಬದಲಿಸಬೇಕಾಗಿಯೂ ಇಲ್ಲ. ಸಿಕ್ಕಿದ ಕಾರ್ಡಿನಲ್ಲಿ ಎಚ್‌ಡಿಎಂಐ ಮತ್ತು ಡಿವಿಐ ಇದ್ದವು, ಎರಡು ಪರದೆಗೆ ಸಾಕು. ಬೋರ್ಡಿನ ಎರಡು, ಕಾರ್ಡಿನ ಎರಡು, ಒಟ್ಟು ನಾಲ್ಕು. ಬೇಕಾದದ್ದು ಮೂರೇ.

ಕಾರ್ಡು ಕೂರಿಸಿ ಸ್ವಿಚ್ ಹಾಕಿದಾಗ ಎದೆ ಧಸಕ್ಕೆಂದಿತು. ಕಾರ್ಡಿಗೆ ಹಾಕಿದ 22 ಇಂಚಿನದು ಬೆಳಗಿತು, ಅಷ್ಟು ದಿನ ಚೆನ್ನಾಗಿದ್ದ ಉಳಿದ ಎರಡೂ ಸತ್ತವು. "ಬೋರ್ಡು ಹೋಯ್ತೇನಪ್ಪ?" ಎಂದು ಸಲಹೆಗಾರರು ಹುಡುಗನಿಗೆ ಫೋನು ಮಾಡಿದರು. "ಏನೂ ಆಗಿಲ್ಲ ಸರ್, ಬಯಾಸ್‌ನಲ್ಲಿ ಒಂದು ಆನ್ ಮಾಡಬೇಕು, ಸಂಜೆ ಬರ್ತೀನಿ."

ಕಾರ್ಡು ಕಂಡ ಕೂಡಲೇ "ಇನ್ನು ನನ್ನ ಕೆಲಸವಿಲ್ಲ" ಎಂದು ಪ್ರೊಸೆಸರಿನ ಗ್ರಾಫಿಕ್ಸನ್ನು ಆರಿಸಿಬಿಡುವುದು ಬಹಳಷ್ಟು ಬೋರ್ಡುಗಳ ಸ್ವಭಾವ. ಹೊಸ ಕಾರ್ಡು ಹಾಕಿಸಿದವರು ಕೇಬಲ್ಲನ್ನು ಹಳೆಯ ಕಿಂಡಿಯಲ್ಲೇ ಬಿಟ್ಟು ಕಂಪ್ಯೂಟರ್ ಕೆಟ್ಟಿತೆಂದು ಹೊತ್ತು ತರುವುದಕ್ಕೂ ಇದೇ ಕಾರಣ. ಸ್ವಿಚ್ ಹಾಕಿದ ಕೂಡಲೇ Del ಇಲ್ಲವೇ F2 ಕೀಲಿಯನ್ನು ಮತ್ತೆ ಮತ್ತೆ ಒತ್ತಿದರೆ ಬಯಾಸ್ ತೆರೆಯುತ್ತದೆ. ಅದರಲ್ಲಿ ಹುಡುಕಬೇಕಾದ ಹೆಸರು ಬೋರ್ಡಿನಿಂದ ಬೋರ್ಡಿಗೆ ಬೇರೆ: ಒಂದರಲ್ಲಿ IGD Multi-Monitor, ಇನ್ನೊಂದರಲ್ಲಿ iGPU Multi-Monitor, ಮತ್ತೊಂದರಲ್ಲಿ Internal Graphics. ಅದನ್ನು Enabled ಮಾಡಿ ಉಳಿಸಿ ಹೊರಬಂದರೆ ಎರಡೂ ಕಡೆಯ ಕಿಂಡಿಗಳು ಒಟ್ಟಿಗೆ ಜೀವ ಪಡೆಯುತ್ತವೆ. ಪ್ರೊಸೆಸರ್ ಎಫ್ ಬಾಲದ್ದಾಗಿದ್ದರೆ ಈ ಯಾವ ಆಯ್ಕೆಯೂ ನೆರವಾಗದು, ಎಚ್ಚರಿಸಲು ಒಳಗೆ ಯಾರೂ ಇಲ್ಲ.

ಸಂಜೆಯ ಹೊತ್ತಿಗೆ ಹೊಂದಿಕೆ ಹೀಗಾಯಿತು. 4ಕೆ ಮಾನಿಟರ್ ಬೋರ್ಡಿನ ಡಿಸ್‌ಪ್ಲೇಪೋರ್ಟ್‌ಗೆ, ಈ ಸಲ ಎರಡೂ ತುದಿ ಅದೇ ಇರುವ ಕೇಬಲ್ಲಿನಲ್ಲಿ, 60 ಹರ್ಟ್ಸ್. 19 ಇಂಚಿನದು ಬೋರ್ಡಿನ ವಿಜಿಎಗೆ. 22 ಇಂಚಿನದು ಕಾರ್ಡಿನ ಎಚ್‌ಡಿಎಂಐಗೆ. ಒಂದೇ ಒಂದು ಅಡಾಪ್ಟರ್ ಬೇಕಾಗಲಿಲ್ಲ. ಡಿಸ್‌ಪ್ಲೇಪೋರ್ಟ್ ತುದಿಯ ಮೇಲೆ ಪುಟ್ಟ ಗುಂಡಿಯೊಂದಿದೆ, ಅದನ್ನು ಒತ್ತಿಯೇ ಎಳೆಯಬೇಕು ಎಂದು ಹುಡುಗ ಗುಮಾಸ್ತೆಗೆ ಎರಡು ಸಲ ಹೇಳಿದ. ಎಚ್‌ಡಿಎಂಐ ಎಳೆದಂತೆ ಎಳೆದರೆ ಒಳಗಿನ ಕೊಕ್ಕೆ ಕಿಂಡಿಯನ್ನೇ ಕಿತ್ತುಕೊಂಡು ಬರುತ್ತದೆ.

ಇನ್ನು ಉಳಿದದ್ದು ವಿಂಡೋಸ್‌ಗೆ ಮೇಜಿನ ನಕ್ಷೆ ಹೇಳುವುದು. ವಿಂಡೋಸ್ ಕೀಲಿ ಮತ್ತು P ಒಟ್ಟಿಗೆ ಒತ್ತಿದರೆ ನಾಲ್ಕು ಆಯ್ಕೆಗಳು ಬರುತ್ತವೆ, ಅದರಲ್ಲಿ Extend ಎಂಬುದೇ ಬೇಕಾದದ್ದು. Duplicate ಇದ್ದರೆ ಸ್ಪ್ಲಿಟರಿನ ಕಥೆಯೇ. ಆಮೇಲೆ Display ಪುಟದಲ್ಲಿ Identify ಒತ್ತಿದರೆ ಪ್ರತಿ ಪರದೆಯ ಮೇಲೂ ಅದರ ಸಂಖ್ಯೆ ಮೂಡುತ್ತದೆ. ಚೌಕಗಳನ್ನು ಮೌಸಿನಲ್ಲಿ ಹಿಡಿದು ಮೇಜಿನ ಮೇಲೆ ಮಾನಿಟರುಗಳು ಇರುವ ಕ್ರಮದಲ್ಲೇ ಜೋಡಿಸಬೇಕು. ಇದನ್ನು ಮಾಡದಿದ್ದರೆ ಬಲಕ್ಕೆ ಓಡಿಸಿದ ಮೌಸ್ ಎಡಗಡೆಯ ಪರದೆಯಲ್ಲಿ ಇಣುಕುತ್ತದೆ.

4ಕೆ ಪರದೆಯಲ್ಲಿ ಅಕ್ಷರಗಳು ಇರುವೆಯಂತೆ ಕಂಡಿದ್ದಕ್ಕೆ Scale ಎಂಬಲ್ಲಿ 150% ಇಟ್ಟರು. ಹಳೆಯದಕ್ಕೆ 100% ಹಾಗೇ ಉಳಿಯಿತು. ಇಂಥ ಬೇರೆ ಬೇರೆ ಅಳತೆ ಇದ್ದಾಗ ಕಿಟಕಿಯನ್ನು ಒಂದರಿಂದ ಇನ್ನೊಂದಕ್ಕೆ ಎಳೆದರೆ ಗಡಿ ದಾಟುವಾಗ ಅದು ದೊಡ್ಡದಾಗಿ ಸಣ್ಣದಾಗಿ ಜಿಗಿಯುತ್ತದೆ, ಕೆಲವು ಹಳೆಯ ತಂತ್ರಾಂಶಗಳ ಅಕ್ಷರ ಮಸುಕಾಗುತ್ತದೆ. ಟ್ಯಾಲಿ, ಪೋರ್ಟಲ್ ಎರಡನ್ನೂ ತಂತಮ್ಮ ಪರದೆಯಲ್ಲೇ ಖಾಯಂ ಕೂರಿಸಿದರೆ ಈ ಜಿಗಿತ ಕಾಣುವುದೇ ಇಲ್ಲ. ಎಳೆಯುವ ಬದಲು ವಿಂಡೋಸ್ ಕೀಲಿ, ಶಿಫ್ಟ್, ಬಾಣದ ಕೀಲಿ ಒಟ್ಟಿಗೆ ಒತ್ತಿದರೂ ಕಿಟಕಿ ಪಕ್ಕದ ಪರದೆಗೆ ಹಾರುತ್ತದೆ.

ಮರುದಿನ ಬೆಳಿಗ್ಗೆ ಇನ್ನೊಂದು ದೂರು. ರಾತ್ರಿ ಮಾನಿಟರುಗಳ ಗುಂಡಿ ಒತ್ತಿ ಆರಿಸಿ ಹೋಗಿದ್ದರು, ಬಂದು ನೋಡಿದರೆ 4ಕೆಯಲ್ಲಿ ತೆರೆದಿಟ್ಟಿದ್ದ ಕಿಟಕಿಗಳೆಲ್ಲ 19 ಇಂಚಿನದರಲ್ಲಿ ಒಂದರ ಮೇಲೊಂದು ಕುಕ್ಕರುಬಡಿದಿದ್ದವು. ಡಿಸ್‌ಪ್ಲೇಪೋರ್ಟ್ ಮಾನಿಟರನ್ನು ಗುಂಡಿಯಿಂದ ಆರಿಸಿದರೆ ಎಷ್ಟೋ ಸಲ ಕಂಪ್ಯೂಟರಿಗೆ ಕೇಬಲ್ಲನ್ನೇ ಕಿತ್ತಂತೆ ಕಾಣುತ್ತದೆ, ಪರದೆ ಹೋಯಿತೆಂದು ಅದು ಕಿಟಕಿಗಳನ್ನು ಉಳಿದ ಪರದೆಗೆ ಸಾಗಿಸುತ್ತದೆ. ವಿಂಡೋಸ್ 11ರಲ್ಲಿ Display ಪುಟದ Multiple displays ಅಡಿಯಲ್ಲಿ Remember window locations based on monitor connection ಎಂಬ ಆಯ್ಕೆ ಇದೆ. ಅದಕ್ಕೆ ಗುರುತು ಹಾಕಿದ ಮೇಲೆ ಮಾನಿಟರ್ ಹಚ್ಚಿದ ಕೂಡಲೇ ಕಿಟಕಿಗಳು ತಮ್ಮ ಜಾಗಕ್ಕೆ ಮರಳತೊಡಗಿದವು. ಗುಮಾಸ್ತೆಗೆ ಮಾತ್ರ ಗುಂಡಿ ಮುಟ್ಟದೆ ಮಾನಿಟರನ್ನು ಅದರ ಪಾಡಿಗೆ ಮಲಗಲು ಬಿಡು ಎಂದು ಹೇಳಿಟ್ಟಿದ್ದಾರೆ.